ವೈನಿಯ ಛಂದಸ್ಸಿನ ಪೇಪರು

ನಮ್ಮ ವೈನಿ ಬಿ.ಎ. ಪಾಸಾಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೊನೆಗೆ ಎಲ್ಲ ಸರಿಹೋಗುತ್ತದೆ ಎಂದು ಆಸೆ ಕಟ್ಟಿಕೊಂಡು ಓದುವವರಿಗೆ ಮೋಸ ಮಾಡುವ ಮನಸ್ಸು ನನಗಿಲ್ಲ. ಆಸೆ ಕಟ್ಟಿಕೊಂಡು ಕೂತವರ ಮುಖ ಹೇಗಿರುತ್ತದೆ ಎಂದು ಒಮ್ಮೆ ಹತ್ತಿರದಿಂದ ನೋಡಿದ್ದೇನೆ. ಅಷ್ಟು ಸಾಕು.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಬಿಜಾಪುರದ ಕಡೆಯವರಾದ ನಾವು ಅತ್ತಿಗೆಯನ್ನು ಹಾಗೆ ಕರೆಯುತ್ತೇವೆ. ಅಣ್ಣನಿಗೆ ಮುಂಬಯಿಯ ವಿಕ್ರೋಳಿಯ ಒಂದು ಕಾರ್ಖಾನೆಯಲ್ಲಿ ಕೆಲಸ, ಭಾಂಡುಪಿನ ಸಾಲು ಕೋಣೆಗಳ ಚಾಳಿನಲ್ಲಿ ಸಂಸಾರ. ನಾನು ಅವರ ಮನೆಯಲ್ಲಿದ್ದುಕೊಂಡೇ ಇಂಗ್ಲಿಷ್ ಸಾಹಿತ್ಯದಲ್ಲಿ ಬಿ.ಎ. ಮುಗಿಸಿ ಎಂ.ಎ.ಗೆ ಸೇರಿದ್ದೆ. ಎಪ್ಪತ್ತರ ದಶಕದ ಮೊದಲ ವರ್ಷಗಳು. ಊರಿನಿಂದ ಬಂದ ಹುಡುಗಿ ಇಂಗ್ಲಿಷ್ ಕಾವ್ಯ ಓದುತ್ತಾಳೆ ಎಂದು ಚಾಳಿನಲ್ಲಿ ನನಗೊಂದು ದೊಡ್ಡಸ್ತಿಕೆ ಇತ್ತು. ಆ ದೊಡ್ಡಸ್ತಿಕೆಯನ್ನು ನಾನೂ ಬೇಡ ಎನ್ನಲಿಲ್ಲ.

ವೈನಿ ಭಾಂಡುಪಿನ ಒಂದು ಕನ್ನಡ ಶಾಲೆಯಲ್ಲಿ ಟೀಚರು. ಟೀಚರು ಎಂದರೆ ಕಾಯಂ ಅಲ್ಲ, ಹಂಗಾಮಿ. ಕಟ್ಟಡ ಕೆಲಸದವರ, ಹೋಟೆಲಿನವರ ಮಕ್ಕಳಿಗೆ ಮೂರನೆಯ ಇಯತ್ತೆಯ, ಎಂದರೆ ಮೂರನೆಯ ತರಗತಿಯ, ಕನ್ನಡ ಕಲಿಸುತ್ತಿದ್ದಳು. ಆ ಮಕ್ಕಳಿಗೆ ಬೀದಿಯಲ್ಲಿ ಹಿಂದಿ, ಅಂಗಡಿಯಲ್ಲಿ ಮರಾಠಿ, ಕನ್ನಡ ಬರುತ್ತಿದ್ದದ್ದು ಅವ್ವ ಬೈಯುವಾಗ ಮಾತ್ರ. ಅಂಥವರನ್ನು ಕೂರಿಸಿಕೊಂಡು ಪದ್ಯ ಹೇಳಿಸುವುದೆಂದರೆ ವೈನಿಗೆ ಜೀವ. ಶಾಲೆಯ ಹೆಡ್‌ಮಾಸ್ತರರು ಒಂದು ಮಾತು ಹೇಳಿಬಿಟ್ಟಿದ್ದರು: ಜೂನಿನೊಳಗೆ ಬಿ.ಎ. ಆದರೆ ಕೆಲಸ ಕಾಯಂ, ಆಗದಿದ್ದರೆ ಬೇರೆಯವರು ಬರುತ್ತಾರೆ. ವೈನಿ ಹೊರಗಿನಿಂದ ಪರೀಕ್ಷೆಗೆ ಕೂರುತ್ತಿದ್ದಳು. ಎಲ್ಲ ಪೇಪರೂ ಮುಗಿದಿದ್ದವು. ಉಳಿದದ್ದು ಒಂದೇ, ಕಾವ್ಯಮೀಮಾಂಸೆಯ ಪೇಪರು. ಅದರಲ್ಲಿ ಎರಡು ಸಲ ನಪಾಸು. ಮೂರನೆಯ ಸಲ ಕೂರುವಾಗ ಅಣ್ಣ, ‘ಇದು ಕಡೀ ಸಲ ನೋಡು. ಆಮ್ಯಾಲ ನನ್ನ ಕೇಳಬ್ಯಾಡ’ ಎಂದಿದ್ದ. ಅಣ್ಣ ಕೆಟ್ಟವನಲ್ಲ. ಪಾಳಿ ಮುಗಿಸಿ ಬಂದವನಿಗೆ ಹೆಂಡತಿಯ ಕೈಯಲ್ಲಿ ತಾಟಿನ ಬದಲು ಪುಸ್ತಕ ಕಂಡರೆ ಯಾರಿಗಾದರೂ ಬೇಜಾರಾಗುತ್ತದೆ.

ಆ ಪೇಪರಿನಲ್ಲಿ ತಪ್ಪದೆ ಬರುತ್ತಿದ್ದ ದೊಡ್ಡ ಪ್ರಶ್ನೆ ಇದು: ಇಂಗ್ಲಿಷ್ ಕಾವ್ಯವನ್ನೂ ಕನ್ನಡ ಕಾವ್ಯ ಪರಂಪರೆಯನ್ನೂ ಹೋಲಿಸಿ ರೂಪಕ, ಅನುಪ್ರಾಸ, ಛಂದಸ್ಸು ಇವುಗಳ ಸಾರಾಂಶ ಬರೆಯಿರಿ. ಇದಕ್ಕೆ ಉತ್ತರವೂ ತಪ್ಪದೆ ಒಂದೇ. ಕನ್ನಡ ಕಲಿಸುವ ಹಿರಿಯ ಪ್ರಾಧ್ಯಾಪಕರೊಬ್ಬರು ತಯಾರಿಸಿದ ಸೈಕ್ಲೋಸ್ಟೈಲ್ ಹಾಳೆ ಮುಂಬಯಿಯ ಕನ್ನಡ ವಿದ್ಯಾರ್ಥಿಗಳ ನಡುವೆ ಕೈಯಿಂದ ಕೈಗೆ ಓಡಾಡುತ್ತಿತ್ತು. ಹಗಲು ಹೋಟೆಲಿನಲ್ಲೋ ಮಿಲ್ಲಿನಲ್ಲೋ ದುಡಿದು ಪರೀಕ್ಷೆಗೆ ಕೂರುವವರು ಅದನ್ನು ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಬಾಯಿಪಾಠ ಮಾಡುತ್ತಿದ್ದರು. ಬಾಯಿಪಾಠ ಮಾಡಿದವರು ಪಾಸಾಗುತ್ತಿದ್ದರು. ವೈನಿ ಆಗಲಿಲ್ಲ. ತಲೆಗೆ ಹತ್ತದ್ದು ಆಕೆಗೆ ಬಾಯಿಗೂ ಹತ್ತುತ್ತಿರಲಿಲ್ಲ. ಪರೀಕ್ಷೆಯ ಕೋಣೆಯಲ್ಲಿ ಅರ್ಧ ಹಾಳೆ ನೆನಪಾಗಿ ಅರ್ಧ ಹಾರಿಹೋಗುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ಆ ಹಾಳೆಯನ್ನು ತಂದು ನನ್ನ ಮುಂದೆ ಇಟ್ಟಳು.

‘ಏ ತಂಗಿ, ನೀ ಇಂಗ್ಲೀಷ್ ಓದಾಕಿ. ಇದರಾಗ ಅರ್ಧ ನಿಂದು, ಅರ್ಧ ನಂದು ಅದ. ಒಂದೀಟು ತಿಳಿಸಿ ಹೇಳು.’

ನಾನು ಓದಿದೆ. ಓದುತ್ತ ಓದುತ್ತ ಸಿಟ್ಟು ನೆತ್ತಿಗೇರಿತು. ಹಾಳೆಯ ತುಂಬ ಸಮ ಚಿಹ್ನೆಗಳು. ಮೆಟಫರ್ ಅಂದರೆ ರೂಪಕ, ಮುಗಿಯಿತು. ಅಲಿಟರೇಶನ್ ಅಂದರೆ ಪ್ರಾಸ, ಮುಗಿಯಿತು. ಅಯಾಂಬಿಕ್ ಗಣ ಅಂದರೆ ಒಂದು ಲಘು, ಒಂದು ಗುರು, ಮುಗಿಯಿತು. ಎರಡು ಭಾಷೆಗಳ ನೂರಾರು ವರ್ಷಗಳ ಕವಿಗಳನ್ನು ಮೂಗುದಾರ ಹಾಕಿ ಒಂದೇ ಗೂಟಕ್ಕೆ ಕಟ್ಟಿದ ಹಾಗಿತ್ತು.

‘ಇದು ಶುದ್ಧ ಸುಳ್ಳು’ ಎಂದೆ.

‘ಸುಳ್ಳರೆ ಇರಲಿ, ಖರೇರೆ ಇರಲಿ, ಪಾಸಾಗೂದು ಅದರಿಂದನ’ ಎಂದಳು ವೈನಿ. ಆದರೂ ಹಾಳೆಯನ್ನು ಒಳಗಿಡಲಿಲ್ಲ.

ಛಂದಸ್ಸಿನಿಂದ ಶುರುಮಾಡಿದೆವು. ಕನ್ನಡದ ಲೆಕ್ಕ ವೈನಿಗೆ ಗೊತ್ತಿತ್ತು. ಹ್ರಸ್ವಾಕ್ಷರ ಲಘು, ಅದಕ್ಕೆ ಒಂದು ಮಾತ್ರೆಯ ಕಾಲ. ದೀರ್ಘ ಬಂದರೆ, ಸೊನ್ನೆ ಬಂದರೆ, ವಿಸರ್ಗ ಬಂದರೆ, ಮುಂದೆ ಒತ್ತಕ್ಷರ ಇದ್ದರೆ, ವ್ಯಂಜನದಿಂದ ಮುಗಿದರೆ ಅದು ಗುರು, ಎರಡು ಮಾತ್ರೆ. ಇಂಗ್ಲಿಷಿಗೆ ಹಾಳೆಯಲ್ಲಿ ಒಂದು ಉದಾಹರಣೆ ಇತ್ತು. ಅದನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದರು: ದ ಸೀ, ದ ಮೂನ್, ದ ರೋಡ್, ದ ರೇನ್. ವೈನಿ ಪೆನ್ಸಿಲಿನಿಂದ ಅದರ ಮೇಲೆ ಸರಸರ ಗುರುತು ಹಾಕಿದಳು. ಲಘು ಗುರು, ಲಘು ಗುರು, ಲಘು ಗುರು, ಲಘು ಗುರು.

‘ಜಗಣ, ರಗಣ, ಒಂದು ಲಘು, ಒಂದು ಗುರು. ಪ್ರಮಾಣಿಕಾ ವೃತ್ತ! ಇಂಗ್ಲೀಷಿನಾಗೂ ಪ್ರಮಾಣಿಕಾ ಅದ ಅಂದ್ರ ಹಾಳೀ ಸುಳ್ಳ ಹೆಂಗಾತು?’

ಎಡವಟ್ಟು ಇದ್ದದ್ದು ಅಲ್ಲೇ. ನಮ್ಮಂಥ ಕನ್ನಡದವರು ಮಾತ್ರ ಮಾಡಬಹುದಾದ ತಪ್ಪು ಅದು. ಇಂಗ್ಲಿಷನ್ನು ಕಿವಿಯಿಂದ ಕಲಿತವರಲ್ಲ ನಾವು. ಬಸ್ಸಿನ ಬೋರ್ಡಿನಂತೆ ಕನ್ನಡದಲ್ಲಿ ಬರೆದುಕೊಂಡು ಕಲಿತವರು. ಕನ್ನಡ ಅಕ್ಷರಕ್ಕೆ ಇಳಿದ ಕೂಡಲೇ ಇಂಗ್ಲಿಷ್ ಸಾಲಿಗೂ ಮಾತ್ರೆ ಅಂಟಿಕೊಳ್ಳುತ್ತದೆ. ಆ ಒಂದು ಸಾಲಿನಲ್ಲಿ ಇಂಗ್ಲಿಷಿನ ದನಿಯ ಒತ್ತು ಬೀಳುವ ಕಡೆಗಳೆಲ್ಲ ಅದೃಷ್ಟಕ್ಕೆ ದೀರ್ಘವಾಗಿದ್ದವು, ಹಾಗಾಗಿ ಲೆಕ್ಕ ಕೂಡಿಬಂದಿತ್ತು. ಪ್ರತಿ ವರ್ಷ ಎಲ್ಲರೂ ಆ ಸಾಲನ್ನೇ ಬರೆಯುತ್ತಿದ್ದರು, ಆದ್ದರಿಂದ ಯಾರೂ ಎಡವಿರಲಿಲ್ಲ.

ನಾನು ಒಂದು ಸಾಲು ಕಟ್ಟಿಕೊಟ್ಟೆ: ದ ಪಿಟಿ ಆಫ್ ದ ಬಿಜಿ ಸಿಟಿ. ಗಿಜಿಗುಟ್ಟುವ ಊರಿನ ಮರುಕ ಎಂದು ಅರ್ಥ. ಕವಿತೆಯೇನಲ್ಲ, ಕೆಲಸಕ್ಕೆ ಸಾಕು. ವೈನಿ ಗುರುತು ಹಾಕಿದಳು. ಎಲ್ಲವೂ ಲಘು, ಒಂದು ‘ಆಫ್’ ಮಾತ್ರ ಗುರು.

‘ಇದರಾಗ ಲಯಾನ ಇಲ್ಲಲ್ಲ?’

‘ಈಗ ಕೇಳ್ರಿ’ ಎಂದು ಇಂಗ್ಲಿಷಿನವರಂತೆ ಓದಿ, ಒತ್ತು ಬಿದ್ದ ಕಡೆ ನೆಲಕ್ಕೆ ಅಂಗೈ ಬಡಿದೆ. ‘ಪಿ’ಗೆ ಪೆಟ್ಟು, ‘ಬಿ’ಗೆ ಪೆಟ್ಟು, ‘ಸಿ’ಗೆ ಪೆಟ್ಟು, ನಡುವಿನ ‘ಆಫ್’ಗೆ ಸಣ್ಣ ಪೆಟ್ಟು. ಮೂರು ಗಟ್ಟಿ ಪೆಟ್ಟೂ ಬಿದ್ದದ್ದು ಲಘುವಿನ ಮೇಲೆ. ವೈನಿ ಬೆರಗಾಗಿ ನನ್ನ ಅಂಗೈ ನೋಡಿದಳು. ಮತ್ತೆ ಓದಿಸಿದಳು. ತಾನೂ ನೆಲ ಬಡಿದಳು. ಪಕ್ಕದ ಖೋಲಿಯ ಮರಾಠಿ ಹೆಂಗಸು ಗೋಡೆ ತಟ್ಟಿ ಏನಾಯಿತು ಎಂದು ಕೇಳಿದಳು.

‘ಅಂದ್ರ ಅವರು ಅಕ್ಷರ ಎಷ್ಟು ಹೊತ್ತು ನಿಂತದ ಅಂತ ನೋಡೂದಿಲ್ಲ’ ಎಂದಳು ವೈನಿ ನಿಧಾನವಾಗಿ. ‘ಎಲ್ಲಿ ಒತ್ತು ಬಿದ್ದದ ಅಂತ ನೋಡ್ತಾರ.’

‘ಹೌದ್ರಿ. ಅವರದು ಒತ್ತು, ನಮ್ಮದು ಹೊತ್ತು.’

‘ಆಹಾ, ಪ್ರಾಸ ಬಂತಲ್ಲ!’ ಎಂದು ನಕ್ಕಳು.

ಸರಿ, ಆ ಮಾತಿನಿಂದಲೇ ಪ್ರಾಸಕ್ಕೆ ಹೋದೆವು. ಒತ್ತು, ಹೊತ್ತು. ಕನ್ನಡದ ಕಿವಿಗೆ ಇದು ಅಚ್ಚುಕಟ್ಟಾದ ಆದಿಪ್ರಾಸ, ಏಕೆಂದರೆ ನಮ್ಮ ಪ್ರಾಸ ಕೂರುವುದು ಸಾಲಿನ ಎರಡನೆಯ ಅಕ್ಷರದ ವ್ಯಂಜನದಲ್ಲಿ. ಮೊದಲಕ್ಷರ ಹ್ರಸ್ವವೋ ದೀರ್ಘವೋ, ಸೊನ್ನೆಯಿದೆಯೋ, ಎರಡನೆಯದು ಇಮ್ಮಡಿಯಾಗಿದೆಯೋ ಎಂಬುದನ್ನು ನೋಡಿ ಪ್ರಾಸಗಳಿಗೆ ಪ್ರಾಣಿಗಳ ಹೆಸರನ್ನೂ ಇಟ್ಟಿದ್ದಾರೆ. ಹ್ರಸ್ವಕ್ಕೆ ಸಿಂಹ, ದೀರ್ಘಕ್ಕೆ ಆನೆ, ಸೊನ್ನೆಗೆ ಎತ್ತು, ಇಮ್ಮಡಿಗೆ ಕುದುರೆ. ‘ಒತ್ತು, ಹೊತ್ತು ಕುದುರಿ’ ಎಂದಳು ವೈನಿ ತಕ್ಷಣ. ಇಂಗ್ಲಿಷಿನ ಅಲಿಟರೇಶನ್ನಿನ ಲೆಕ್ಕದಲ್ಲಿ ಇವೆರಡಕ್ಕೂ ಸಂಬಂಧವಿಲ್ಲ. ಒಂದು ಶುರುವಾಗುವುದು ಸ್ವರದಿಂದ, ಇನ್ನೊಂದು ಹಕಾರದಿಂದ. ಅಲ್ಲಿ ಬೇಕಾದದ್ದು ಮೊದಲ ಸದ್ದು, ಅದೂ ಒತ್ತು ಬಿದ್ದ ಅಕ್ಷರದ ಸದ್ದು. ಬರೆದ ಅಕ್ಷರವಲ್ಲ. ‘ಸಿಟಿ’ಯನ್ನೂ ‘ಕಪ್’ ಅನ್ನೂ ಇಂಗ್ಲಿಷಿನಲ್ಲಿ ಒಂದೇ ಅಕ್ಷರದಿಂದ ಬರೆದರೂ ಅವು ಜೊತೆಯಾಗುವುದಿಲ್ಲ. ‘ಅಬವ್’ ಎಂಬ ಮಾತು ಅಕಾರದಿಂದ ಶುರುವಾದರೂ ಒತ್ತು ‘ಬ’ದ ಮೇಲಿರುವುದರಿಂದ ‘ಬೇ’ ಎಂಬ ಮಾತಿಗೆ ಜೊತೆಯಾಗುತ್ತದೆ.

‘ಹಂಗಾದ್ರ ಅದಕ್ಕ ನಮ್ಮಲ್ಲಿ ಏನಂತಾರ?’

ಅನುಪ್ರಾಸ ಹತ್ತಿರದ್ದು ಎಂದೆ. ಒಂದೇ ವ್ಯಂಜನ ಸಾಲಿನ ಉದ್ದಕ್ಕೂ ಮತ್ತೆ ಮತ್ತೆ ಬಂದರೆ ವೃತ್ತ್ಯನುಪ್ರಾಸ. ಎರಡೆರಡು ವ್ಯಂಜನಗಳ ಜೋಡಿ ಅದೇ ಕ್ರಮದಲ್ಲಿ ತಿರುಗಿ ಬಂದರೆ ಛೇಕಾನುಪ್ರಾಸ. ಆದರೆ ಅಲ್ಲಿಯೂ ನಾವು ಮೊದಲು, ನಡು ಎಂದು ನೋಡುವುದಿಲ್ಲ, ಒತ್ತನ್ನಂತೂ ಕೇಳುವುದೇ ಇಲ್ಲ. ಇನ್ನೂ ಒಂದು ದೊಡ್ಡ ಭೇದವಿದೆ. ಅನುಪ್ರಾಸ ಒಡವೆ, ಹಾಕಿಕೊಂಡರೂ ಸರಿ, ಬಿಟ್ಟರೂ ಸರಿ. ಹಳೆಯ ಕನ್ನಡ ಕವಿಗೆ ಆದಿಪ್ರಾಸ ಹಾಗಲ್ಲ, ಅದು ತಪ್ಪಿದರೆ ಪದ್ಯವೇ ಕೆಟ್ಟಿತು. ಇಷ್ಟೆಲ್ಲ ಇರುವುದನ್ನು ಹಾಳೆ ಒಂದು ಸಮ ಚಿಹ್ನೆಯಲ್ಲಿ ಮುಗಿಸಿತ್ತು.

ಮರುದಿನ ಬೆಳಿಗ್ಗೆ ಸಾರ್ವಜನಿಕ ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತಿದ್ದಾಗ ವೈನಿ ನನ್ನ ಕಿವಿಯಲ್ಲಿ ಹೇಳಿದಳು:

‘ನೀರು ಬಂದಿತು ನಲ್ಲಿಯೊಳಗಡೆ
ಯಾರು ಮೊದಲೋ ನಿಲ್ಲಿ ಸಾಲಲಿ’

ಬೆರಳು ಮಡಿಸಿ ನೋಡಿದೆ. ಮೂರು, ನಾಲ್ಕು, ಮೂರು, ನಾಲ್ಕು. ಸರಿಯಾದ ಭಾಮಿನಿ ಷಟ್ಪದಿಯ ನಡೆ, ಮೇಲೆ ರಕಾರದ ಗಜಪ್ರಾಸ. ‘ಮೂರನೇ ಸಾಲು?’ ಎಂದೆ. ಭಾಮಿನಿಯ ಮೂರನೆಯ ಸಾಲು ಉದ್ದ, ಆರು ಗಣ ಆದಮೇಲೆ ಒಂದು ಗುರು ಬರಬೇಕು. ‘ಅಷ್ಟರಾಗ ನೀರು ಹೋತವಾ’ ಎಂದಳು. ನಿಜಕ್ಕೂ ಹೋಗಿತ್ತು. ನಮ್ಮ ಒಂದು ಕೊಡ ಖಾಲಿಯೇ ಮನೆಗೆ ಬಂತು.

ರೂಪಕದ ದಿನ ನಾವಿಬ್ಬರೂ ಜಗಳವಾಡಿದೆವು. ‘ಲೋಕಲ್ ಜನರನ್ನು ನುಂಗಿತು’ ಎಂಬುದನ್ನು ಮೆಟಫರಿಗೆ ಉದಾಹರಣೆಯಾಗಿ ಹೇಳಿದ್ದೆ. ವೈನಿ ಒಪ್ಪಲಿಲ್ಲ.

‘ಇದು ರೂಪಕ ಹೆಂಗ ಆಗತದ? ಉಪಮೇಯ ಲೋಕಲ್ ಅದ, ಉಪಮಾನ ಎಲ್ಲದ? ರೂಪಕ ಅಂದ್ರ ಎರಡೂ ಮುಂದ ನಿಂತು, ಇದು ಅದೇ ಅನ್ನಬೇಕು. ಲೋಕಲ್ ಎಂಬ ಹೆಬ್ಬಾವು ಅಂದ್ರ ರೂಪಕ. ಲೋಕಲ್ ಹೆಬ್ಬಾವಿನಂಗ ಅಂದ್ರ ಉಪಮಾ. ನೀ ಹೇಳಿದ್ದು ಎರಡೂ ಅಲ್ಲ.’

‘ಇಂಗ್ಲಿಷಿನಲ್ಲಿ ಅದೂ ಮೆಟಫರೇ.’

‘ನಿಮ್ಮ ಇಂಗ್ಲೀಷಿನವರಿಗೆ ಒಂದ ಡಬ್ಬಿ, ಎಲ್ಲಾ ಅದರಾಗ ತುಂಬತಾರ.’

ಜಗಳದಲ್ಲಿ ಆಕೆಯೇ ಗೆದ್ದಳು ಎಂದು ಹೇಳಲಾರೆ, ಆದರೆ ಸೋತದ್ದು ಹಾಳೆ. ಪುಸ್ತಕ ತೆಗೆದು ಇಬ್ಬರೂ ಹುಡುಕಿದೆವು. ಲೋಕಲ್ಲಿನ ಮೇಲೆ ಪ್ರಾಣಿಯ ನಡವಳಿಕೆಯನ್ನು ಹೊರಿಸಿ, ಪ್ರಾಣಿಯ ಹೆಸರೆತ್ತದೆ ಬಿಟ್ಟರೆ ಅದು ಸಮಾಸೋಕ್ತಿಯ ಕಡೆಗೆ ವಾಲುತ್ತದೆ. ಲೋಕಲ್ಲಿನ ಹೆಸರನ್ನೇ ನುಂಗಿ ‘ಹೆಬ್ಬಾವು ಭಾಂಡುಪಿಗೆ ಬಂತು’ ಎಂದರೆ ಅದು ರೂಪಕಾತಿಶಯೋಕ್ತಿ. ಇಂಗ್ಲಿಷಿನ ಮೆಟಫರ್ ಈ ಮೂರನ್ನೂ ಒಟ್ಟಿಗೆ ಹಿಡಿಯುತ್ತದೆ. ನಮ್ಮವರು ಹೋಲಿಕೆಯಲ್ಲಿ ಯಾವುದು ಕಾಣುತ್ತದೆ, ಯಾವುದು ಮರೆಯಾಗಿದೆ ಎಂದು ನೋಡಿ ಬೇರೆ ಬೇರೆ ಹೆಸರಿಟ್ಟರು. ಮೆಟಫರು ದೊಡ್ಡ ಪಾತೇಲಿ, ರೂಪಕ ಅದರೊಳಗೆ ಕೂರುವ ಒಂದು ಬಟ್ಟಲು.

ಎಲ್ಲಕ್ಕಿಂತ ಖುಷಿಯಾದದ್ದು ತ್ರಿಪದಿಯ ದಿನ. ವೈನಿಯ ಅವ್ವ ಬೀಸುವ ಕಲ್ಲಿನ ಹಾಡುಗಳನ್ನು ಹೇಳುತ್ತಿದ್ದವಳು. ಅವಕ್ಕೆ ಮಾತ್ರೆ ಹಾಕಲು ಹೋಗಿ ವೈನಿ ಸೋತಿದ್ದಳು. ಒಂದು ಸಾಲಿಗೆ ಒಂದು ಲೆಕ್ಕ, ಇನ್ನೊಂದಕ್ಕೆ ಇನ್ನೊಂದು. ತ್ರಿಪದಿ ಮಾತ್ರೆಯ ಛಂದಸ್ಸಲ್ಲ, ಅಂಶದ್ದು. ಮೂರು ಸಾಲು, ಹನ್ನೊಂದು ಗಣ. ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಎರಡು ಅಂಶದ್ದು. ಉಳಿದವು ವಿಷ್ಣುಗಣ, ಮೂರು ಅಂಶದವು. ಗಣದ ಮೊದಲ ಅಂಶದಲ್ಲಿ ಒಂದು ಗುರು ಬರಬಹುದು ಅಥವಾ ಎರಡು ಲಘು ಬರಬಹುದು. ಆಮೇಲಿನ ಅಂಶ ಲಘುವಾದರೂ ಗುರುವಾದರೂ ಒಂದೇ. ಹಾಡುವವರು ಎಳೆದು ಕೂಡಿಸಿಕೊಳ್ಳುತ್ತಾರೆ. ಇಂಗ್ಲಿಷಿನ ಮಕ್ಕಳ ಪದಗಳಲ್ಲಿ, ಜನರು ಹಾಡುವ ಕಥನಗೀತೆಗಳಲ್ಲಿ ಹೀಗೆಯೇ: ಸಾಲಿಗೆ ಇಷ್ಟು ಪೆಟ್ಟು ಎಂಬುದು ಗಟ್ಟಿ, ಪೆಟ್ಟುಗಳ ನಡುವೆ ಹಗುರ ಅಕ್ಷರ ಒಂದು ಬಂತೋ ಎರಡು ಬಂತೋ ಯಾರೂ ಕೇಳುವುದಿಲ್ಲ. ಇದನ್ನು ನಾನು ಹೇಳುತ್ತಿದ್ದ ಹಾಗೆ ವೈನಿ ಹಿಟ್ಟು ನಾದುವುದನ್ನು ನಿಲ್ಲಿಸಿದಳು.

‘ಅಂದ್ರ ಅವರಿಗೂ ನಮಗೂ ಹೊಂದೂದು ಪಂಡಿತರ ವೃತ್ತದಾಗಲ್ಲ. ಹಾಡಿನಾಗ.’

‘ಎರಡೂ ಒಂದೇ ಅಲ್ರಿ. ಅಲ್ಲಿಯೂ ಒತ್ತು ಒತ್ತೇ.’

‘ಒಂದ ಅಲ್ಲ, ಆದ್ರ ಬೀಗರು.’

ಆ ಮಾತು ನನ್ನ ಎಂ.ಎ. ತರಗತಿಯಲ್ಲಿ ಯಾರೂ ಹೇಳಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು, ಸಂತೋಷವೂ ಆಯಿತು. ಆ ತಿಂಗಳುಗಳಲ್ಲಿ ನಾವು ಎಷ್ಟು ಸುಖವಾಗಿದ್ದೆವು ಎಂಬುದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಪರೀಕ್ಷೆಯ ಹಿಂದಿನ ದಿನ ನಾನು ಕಟ್ಟುನಿಟ್ಟಾಗಿ ಹೇಳಿದೆ: ‘ವೈನಿ, ಮೊದಲು ಹಾಳೆಯಲ್ಲಿರೋದನ್ನ ಇದ್ದ ಹಾಗೆ ಬರೀರಿ. ಮಾರ್ಕು ಬೀಳೋದು ಅದಕ್ಕೆ. ಆಮೇಲೆ ಜಾಗ ಇದ್ದರೆ, ಇದು ಪೂರ್ತಿ ಸರಿಯಲ್ಲ ಅಂತ ಎರಡು ಸಾಲು.’ ವೈನಿ ತಲೆಯಾಡಿಸಿದಳು. ಆ ಹೊತ್ತಿಗೆ ಹಾಳೆ ಆಕೆಗೆ ಬಾಯಿಗೂ ಬಂದಿತ್ತು. ಅದರಲ್ಲಿ ಎಲ್ಲೆಲ್ಲಿ ತಪ್ಪಿದೆ ಎಂದು ಗೊತ್ತಾದ ಮೇಲೆ ನೆನಪಿಡುವುದು ಸುಲಭವಾಗಿತ್ತು.

ಪರೀಕ್ಷೆ ಮುಗಿಸಿ ಹೊರಗೆ ಬಂದ ವೈನಿಯ ಮುಖ ಅರಳಿತ್ತು. ಸ್ಟೇಷನ್ನಿನ ತನಕ ಮಾತೇ ಮಾತು.

‘ಹಾಳೀದ ಬರಿಯಾಕ ಹತ್ತಿದ್ದೆ. ಒಂದು ಪುಟ ಆತು. ಅಲಿಟರೇಶನ್ ಅಂದ್ರ ಪ್ರಾಸ ಅಂತ ಬರದು, ನೋಡಿದೆ, ಕೈ ಮುಂದ ಹೋಗಲಿಲ್ಲ. ಹೊಡದು ಹಾಕಿದೆ. ಆಮ್ಯಾಲ ನಮ್ಮದ ಬರದೆ. ಒತ್ತು, ಹೊತ್ತು, ಕುದುರಿ, ಹೆಬ್ಬಾವು, ನಲ್ಲಿ, ಬೀಗರು, ಎಲ್ಲಾ. ಗಂಟಿ ಹೊಡೆಯೂ ತನಕ ಬರದೆ.’

ಹಾಳೆ ಬಿಟ್ಟರೆ ಮಾರ್ಕು ಎಲ್ಲಿಂದ ಬಂತು ಎಂದುಕೊಂಡೆ. ಆದರೆ ಆಕೆ ಅಷ್ಟು ಸಂತೋಷದಲ್ಲಿರುವಾಗ ಏನು ಹೇಳಲಿ? ಒಳ್ಳೆಯದಾಯಿತು ಎಂದೆ. ಓದಿದವರು, ತಿಳಿದವರು ಮಾರ್ಕು ಹಾಕುತ್ತಾರಲ್ಲವೇ, ಸರಿಯಾದದ್ದನ್ನು ನೋಡಿದರೆ ಗೊತ್ತಾಗುವುದಿಲ್ಲವೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ರಿಸಲ್ಟು ಬಂದಾಗ ಮೂರನೆಯ ಸಲವೂ ನಪಾಸು. ಅಣ್ಣ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಲಿಸಿದವಳು ನಾನು, ಆದ್ದರಿಂದ ತಪ್ಪು ನನ್ನದು ಎಂದು ಊರಿನಿಂದ ಬಂದಿದ್ದ ಅವ್ವ ಹೇಳಿದಳು. ನಾನು ಅದನ್ನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ. ಅರ್ಥವಾಗದೆ ಎರಡು ಸಲ ಫೇಲಾದವಳಿಗೆ ಅರ್ಥ ಮಾಡಿಸದೆ ಇನ್ನೇನು ಮಾಡಬೇಕಿತ್ತು?

ವೈನಿ ಬೇಡವೆಂದರೂ ಎಳೆದುಕೊಂಡು ಆ ಹಾಳೆ ಬರೆದ ಪ್ರಾಧ್ಯಾಪಕರ ಮನೆಗೆ ಹೋದೆ. ಉಡುಪಿ ಕಡೆಯವರು, ಮಾಟುಂಗಾದಲ್ಲಿ ಮನೆ. ಸರಿಯಾಗಿ ಜಾಡಿಸಿ ಬರಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಬಾಗಿಲು ತೆಗೆದವರು ಬನಿಯನ್ನಿನಲ್ಲಿದ್ದ ವಯಸ್ಸಾದ, ಸೌಮ್ಯ ಮನುಷ್ಯ. ಒಳಗೆ ಕರೆದು ಕಾಫಿ ಕೊಟ್ಟರು. ನಾನು ವಿಷಯ ಹೇಳಿದೆ. ಬೈಯಲು ಶುರುಮಾಡುವಷ್ಟರಲ್ಲಿ ಅವರು ವೈನಿಯ ಕಡೆ ತಿರುಗಿದರು.

‘ನಲ್ಲಿಯ ಮೇಲೆ ಭಾಮಿನಿ ಬರೆದದ್ದು ನೀವಾ?’

ವೈನಿ ನಾಚಿ ಹೌದೆಂದಳು.

‘ಅದು ನನ್ನ ಕೈಗೇ ಬಂದ ಪೇಪರು. ಎರಡು ಸಲ ಓದಿದೆ ಮಾರಾಯ್ರೆ. ಹೆಂಡತಿಯನ್ನು ಕರೆದು ಓದಿ ಹೇಳಿದೆ.’

‘ಹಾಗಾದರೆ ಸರಿಯಿತ್ತಲ್ಲವೇ?’ ಎಂದೆ ನಾನು.

‘ಸರಿ ಇತ್ತು.’

‘ಮತ್ತೆ?’

ಅವರು ಕಾಫಿ ಲೋಟವನ್ನು ಕೆಳಗಿಟ್ಟರು. ‘ಪ್ರಶ್ನೆ ಎಂತ ಇತ್ತು? ಸಾರಾಂಶ ಬರೆಯಿರಿ ಅಂತ. ಸಾರಾಂಶ ಅಂದರೆ ಬಿಡುವುದು. ಇವರು ಒಂದನ್ನೂ ಬಿಡಲಿಲ್ಲ. ಲಕ್ಷಣ ಬರೆದರೆ ಇಷ್ಟು, ಸಮಾನವಾದ ಕನ್ನಡ ಪದ ಬರೆದರೆ ಇಷ್ಟು, ಪಠ್ಯದ ಉದಾಹರಣೆಗೆ ಇಷ್ಟು ಅಂತ ನಮಗೆ ಕೊಟ್ಟಿರ್ತಾರೆ. ಇವರು ಸಮಾನ ಪದ ಇಲ್ಲ ಅಂತ ಬರೆದರು. ಪಠ್ಯದ ಉದಾಹರಣೆಯ ಜಾಗದಲ್ಲಿ ನಲ್ಲಿ ಉಂಟು. ನಾನು ಎಲ್ಲಿ ಹಾಕುದು ಮಾರ್ಕು? ಹಾಕಿದ್ದರೂ ಮೇಲಿನವರು ನೋಡುವಾಗ ತೆಗೆಯುತ್ತಿದ್ದರು.’

‘ಮತ್ತೆ ಆ ಹಾಳೆ? ಅದು ಸುಳ್ಳೆಂದು ನಿಮಗೆ ಗೊತ್ತಿತ್ತೇ?’

ನನ್ನ ದನಿ ಜೋರಾಗಿತ್ತು. ಅವರು ಬೇಸರಪಟ್ಟುಕೊಳ್ಳಲಿಲ್ಲ. ‘ಗೊತ್ತುಂಟು. ನನ್ನ ಕ್ಲಾಸಿಗೆ ಬರುವ ಹುಡುಗರು ಬೆಳಿಗ್ಗೆ ಹೋಟೆಲಿನಲ್ಲಿ ಇಡ್ಲಿ ಇಳಿಸಿ ಬರುವವರು. ಅವರಿಗೆ ಒತ್ತು, ಹೊತ್ತು ಹೇಳಿಕೊಡಲಿಕ್ಕೆ ನನಗೆ ಎರಡು ವರ್ಷ ಬೇಕು. ಅಷ್ಟರಲ್ಲಿ ಅವರು ಫೇಲು. ಅವರು ಫೇಲಾದರೆ ಕಾಲೇಜಿನವರು ಕನ್ನಡ ಕ್ಲಾಸು ಮುಚ್ಚುತ್ತಾರೆ. ಮುಚ್ಚಬಾರದು ಅಂತ ಬರೆದ ಹಾಳೆ ಅದು.’

ಮರುಎಣಿಕೆಗೆ ಹಾಕಬಹುದಂತೆ, ಆದರೆ ಕೂಡಿಸಿದ್ದು ಸರಿಯೇ ಎಂದಷ್ಟೇ ನೋಡುತ್ತಾರಂತೆ. ಜಾಡಿಸಲು ಇಟ್ಟುಕೊಂಡಿದ್ದ ಮಾತೆಲ್ಲ ಬಾಯಲ್ಲೇ ಉಳಿಯಿತು.

ಆಗ ವೈನಿ ಮೆಲ್ಲಗೆ ಕೇಳಿದಳು: ‘ಸರ, ಸರಳ ರಗಳೀ ಬಗ್ಗೆ ಒಂದು ಕೇಳಲ್ಯಾ? ಅದು ಇಂಗ್ಲೀಷಿನ ಪ್ರಾಸ ಇಲ್ಲದ ಪದ್ಯ ನೋಡಿ ಮಾಡಿದ್ದು ಅಂತಾರ. ಅವರದು ಸಾಲಿಗೆ ಐದು ಪೆಟ್ಟು. ನಮ್ಮವರು ಐದು ಮಾತ್ರೆಯ ನಾಕು ಗಣ ಇಟ್ಟರು. ಐದು ಗಣ ಯಾಕ ಇಡಲಿಲ್ಲ?’

ಮುದುಕರ ಕಣ್ಣು ಬೆಳಗಿತು. ಎದ್ದು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ಕನ್ನಡದ ಮಾತು ಉದ್ದ, ಪ್ರತ್ಯಯ ಸೇರಿ ಇನ್ನೂ ಉದ್ದ, ಐದು ಗಣ ಇಟ್ಟರೆ ಸಾಲಿಗೆ ಇಪ್ಪತ್ತೈದು ಮಾತ್ರೆಯಾಗಿ ಮಾತಾಡುವವನ ಉಸಿರು ಮುಗಿಯುತ್ತದೆ ಎಂದರು. ಅಲ್ಲದೆ ಐದು ಮಾತ್ರೆಯ ನಾಲ್ಕು ಗಣ ಲಲಿತ ರಗಳೆಯಲ್ಲಿ ಮೊದಲೇ ಇತ್ತು, ಅದರ ಪ್ರಾಸ ಕಳಚಿ, ಅರ್ಥವನ್ನು ಸಾಲಿನಿಂದ ಸಾಲಿಗೆ ಹರಿಯಲು ಬಿಟ್ಟರೆ ಸಾಕಾಯಿತು, ಹೊರಗಿನದು ಬಂದು ಕೂತದ್ದು ಮನೆಯ ಹಳೆಯ ಮಣೆಯ ಮೇಲೆ ಎಂದರು. ವೈನಿ ಎದುರು ಪ್ರಶ್ನೆ ಹಾಕಿದಳು. ಅವರು ತೊಡೆ ತಟ್ಟಿ ಲೆಕ್ಕ ತೋರಿಸಿದರು. ಇಬ್ಬರೂ ನನ್ನನ್ನು ಮರೆತೇಬಿಟ್ಟರು. ಬೀಳ್ಕೊಡುವಾಗ ಬಾಗಿಲ ತನಕ ಬಂದು, ‘ಇಷ್ಟು ವರ್ಷ ಕಲಿಸಿದೆ, ಇಂಥ ವಿದ್ಯಾರ್ಥಿ ನನಗೆ ಸಿಕ್ಕಲಿಲ್ಲ’ ಎಂದರು. ಅವರ ದನಿಯಲ್ಲಿ ನಾಟಕ ಇರಲಿಲ್ಲ.

ಮಾಟುಂಗಾ ಸ್ಟೇಷನ್ನಿನಲ್ಲಿ ಬೆಂಚಿನ ಮೇಲೆ ಕೂತೆವು. ಒಂದು ಲೋಕಲ್ ಬಂತು, ವೈನಿ ಏಳಲಿಲ್ಲ. ನನಗೆ ಅಷ್ಟು ಹೊತ್ತಿಗೆ ಸಿಟ್ಟು ಇಳಿದು ಹುಮ್ಮಸ್ಸು ಬಂದಿತ್ತು. ಅಣ್ಣನ ಕೈಕಾಲು ಹಿಡಿಯೋಣ, ಇನ್ನೊಂದು ಸಲ ಕೂರಿ, ಈ ಸಲ ಹಾಳೆಯದ್ದಷ್ಟೇ ಬರೆಯಿರಿ, ನೀವು ಬರೆದದ್ದು ಸರಿಯೆಂದು ಅವರೇ ಒಪ್ಪಿದರಲ್ಲ ಎಂದು ಬಡಬಡಿಸಿದೆ.

ವೈನಿ ಹಳಿಯ ಕಡೆ ತಿರುಗಿದಳು.

‘ತಪ್ಪು ಬರದು ಫೇಲಾಗಿದ್ರ ಮತ್ತ ಓದಬಹುದಿತ್ತು, ತಂಗಿ’ ಎಂದಳು. ‘ಸರಿ ಬರದು ಫೇಲಾಗೀನಿ. ಈಗ ಏನ್ ಓದ್ಲಿ?’

ಮುಂದಿನ ಲೋಕಲ್ ಹತ್ತಿ ಭಾಂಡುಪಿಗೆ ಬಂದೆವು. ಜೂನಿನಲ್ಲಿ ಶಾಲೆ ಶುರುವಾದಾಗ ಮೂರನೆಯ ಇಯತ್ತೆಗೆ ಬೇರೆ ಟೀಚರು ಬಂದರು. ವೈನಿ ಆಮೇಲೆ ಯಾವ ಪರೀಕ್ಷೆಗೂ ಕೂರಲಿಲ್ಲ, ನನ್ನ ಜೊತೆ ಪದ್ಯದ ಮಾತನ್ನೂ ಆಡಲಿಲ್ಲ. ನಾನಾಗಿಯೇ ಎತ್ತಿದರೆ, ಅನ್ನಕ್ಕೆ ಇಟ್ಟಿದ್ದೇನೆ, ನೋಡಿ ಬರುತ್ತೇನೆ ಎಂದು ಎದ್ದು ಹೋಗುತ್ತಿದ್ದಳು.